ನಗರ ಅಂದರೆ ದೇಶ, ದೇಶ ಅಂದರೆ ಹಳ್ಳಿ: ಇಂಡೋನೇಷ್ಯಾದಲ್ಲಿ ಇದು ಹೇಗಾಯಿತು?

ಚಿಕಾರಾಂಗ್ ಕನ್ನಡಿಗ

ಜಕಾರ್ತದ ಪಕ್ಕದ ಚಿಕಾರಾಂಗ್‌ನಲ್ಲಿ ಕೆಲಸ ಮಾಡುತ್ತೇನೆ. ಇಂಡೋನೇಷ್ಯಾ ಭಾಷೆಯಲ್ಲಿ ಸಂಸ್ಕೃತ ಪದಗಳು ಬೇಕಾದಷ್ಟಿವೆ ಅಂತ ಎಲ್ಲರಿಗೂ ಗೊತ್ತು, ದಯವಿಟ್ಟು ಆ ಉದ್ದನೆಯ ಪಟ್ಟಿ ಹಾಕಬೇಡಿ. ನನ್ನ ಪ್ರಶ್ನೆ ಬೇರೆ.

ಇಲ್ಲಿನವರ ಗುರುತಿನ ಚೀಟಿಗೆ ಕಾತೆಪೆ ಅನ್ನುತ್ತಾರೆ, ನಮ್ಮ ಆಧಾರ್ ಇದ್ದ ಹಾಗೆ. ಅದರಲ್ಲಿ 'ದೇಸ' ಅಂತ ಒಂದು ಜಾಗ ಇದೆ, ಅಲ್ಲಿ ಹಳ್ಳಿಯ ಹೆಸರು ಬರೆದಿರುತ್ತಾರೆ. ಕೆಳಗೆ 'ಕೆವರ್ಗನೆಗರಾಅನ್' ಅಂತ ಇನ್ನೊಂದು ಸಾಲು. ಅದಕ್ಕೆ ಪೌರತ್ವ ಅಂತ ಅರ್ಥ. ಒಳಗೆ ಇರುವುದು ನಮ್ಮ ವರ್ಗ ಮತ್ತು ನಗರ. ಅಂದರೆ ಇವರಿಗೆ 'ನೆಗರ' ಅಂದರೆ ದೇಶ, 'ದೇಸ' ಅಂದರೆ ಹಳ್ಳಿ. ಒಂದು ಪದ ಸ್ವಲ್ಪ ಜಾರಿದ್ದರೆ ಬಿಡು ಅನ್ನಬಹುದಿತ್ತು. ಇಲ್ಲಿ ಎರಡು ಪದ ಅದಲುಬದಲಾಗಿ ಕೂತಿವೆ. ಯಾವಾಗ, ಯಾಕೆ ಹೀಗಾಯಿತು? ಬಲ್ಲವರು ಯಾರಾದರೂ ಇದ್ದೀರಾ?

ನೇರನುಡಿ ನಾಗರಾಜ

ಇದರಲ್ಲಿ ಯೋಚನೆ ಮಾಡುವುದಕ್ಕೆ ಏನಿದೆ ಸಾರ್? ಹಡಗಿನಲ್ಲಿ ಹೋದ ವ್ಯಾಪಾರಿಗಳ ಬಾಯಲ್ಲಿ ಪದ ಹೋಗಿದೆ. ಕೇಳಿದವರು ಅರ್ಧಂಬರ್ಧ ಕೇಳಿ ತಪ್ಪಾಗಿ ಹಿಡಿದುಕೊಂಡರು. ಆಮೇಲೆ ಡಚ್ಚರು ಬಂದು ಇನ್ನಷ್ಟು ಕೆಡಿಸಿದರು. ಉಚ್ಚಾರವೇ ನೋಡಿ, ವಕಾರ ಅವರಿಗೆ ಬರುವುದೇ ಇಲ್ಲ. ವಂಶ ಹೋಗಿ 'ಬಂಗ್ಸ' ಆಯಿತು, ವಿಷ ಹೋಗಿ 'ಬಿಸ' ಆಯಿತು, ವಿಚಾರ ಹೋಗಿ 'ಬಿಚಾರ' ಆಯಿತು. ಉಚ್ಚಾರ ಕೆಟ್ಟ ಮೇಲೆ ಅರ್ಥ ಕೆಡುವುದು ಯಾವ ದೊಡ್ಡ ವಿಷಯ.

ಹಳೆಗಬ್ಬ

ನಾಗರಾಜರೇ, ವಕಾರ ಬಕಾರ ಆಗುವುದು ಅರ್ಧ ಸರಿ. ಆದರೆ ಪ್ರಶ್ನೆಯಲ್ಲೇ 'ವರ್ಗ' ಇದೆಯಲ್ಲ, ಅದು 'ಬರ್ಗ' ಯಾಕೆ ಆಗಲಿಲ್ಲ? ವನಿತೆಗೆ 'ವನಿತ' ಅಂತಲೇ ಅನ್ನುತ್ತಾರೆ. ಪತ್ರಕರ್ತರಿಗೆ 'ವರ್ತವಾನ್', ಅಂದರೆ ವಾರ್ತೆ ಉಳ್ಳವನು. ಮಲಯ್ ಭಾಷೆಯ ದಾರಿಯಲ್ಲಿ ಬಂದ ಹಳೆಯ ಪದಗಳಲ್ಲಿ ವ ಹೋಗಿ ಬ ಆಗಿರುವುದು ಜಾಸ್ತಿ. ಜಾವಾ ಭಾಷೆಯ ದಾರಿಯಲ್ಲಿ ಬಂದವುಗಳಲ್ಲಿ ವ ಉಳಿದುಕೊಂಡಿದೆ. ಹಾಗಾಗಿ ಈ ಅಕ್ಷರ ನೋಡಿದರೆ ಪದ ಯಾವ ಬಾಗಿಲಿನಿಂದ ಒಳಗೆ ಬಂತು ಅಂತ ಬಹಳಷ್ಟು ಸಲ ಊಹಿಸಬಹುದು. ಕೆಟ್ಟ ಉಚ್ಚಾರ ಅನ್ನುವುದಕ್ಕಿಂತ ಅದನ್ನು ವಿಳಾಸ ಅಂತ ಓದಿಕೊಳ್ಳುವುದು ಉಪಯೋಗ.

ಇನ್ನು ತಪ್ಪಾಗಿ ಕೇಳಿಸಿಕೊಂಡರು ಅನ್ನುವ ಮಾತು ನಿಲ್ಲುವುದಿಲ್ಲ. ಬೋರ್ನಿಯೋದ ಕುಟಾಯಿಯಲ್ಲಿ ಮೂಲವರ್ಮ ಅನ್ನುವ ರಾಜ ನಿಲ್ಲಿಸಿದ ಯೂಪದ, ಅಂದರೆ ಯಜ್ಞಕಂಬದ, ಕಲ್ಲುಗಳಿವೆ. ಸುಮಾರು 400ನೇ ಇಸವಿಯ ಹೊತ್ತಿನವು, ಛಂದಸ್ಸಿನಲ್ಲಿರುವ ಸಂಸ್ಕೃತ ಶ್ಲೋಕಗಳು. ಜಾವಾದಲ್ಲಿ ಶತಮಾನಗಟ್ಟಲೆ ಕಾವ್ಯ ಬರೆದರು. ಅವರಲ್ಲಿ ಓದು ಬರಹ ಬಲ್ಲವರು ಸಂಸ್ಕೃತವನ್ನು ಚೆನ್ನಾಗಿಯೇ ಓದಿದ್ದರು. ಅರ್ಥ ಜಾರಿದ್ದಕ್ಕೆ ಕಾರಣ ಅಲ್ಲಿನ ಆಡಳಿತದಲ್ಲಿದೆ. ಸಂಜೆ ಬಿಡುವು ಸಿಕ್ಕಾಗ ಉದ್ದಕ್ಕೆ ಬರೆಯುತ್ತೇನೆ.

ಸಾಗರದ ಸುಮಾ

ನಮಸ್ಕಾರ, ನನಗೂ ಇದೇ ವಿಷಯ ಬೇಕಿತ್ತು. ನನ್ನ ಮಗಳು ಅಳಿಯ ಮುಂದಿನ ತಿಂಗಳು ಬಾಲಿಗೆ ಹೋಗುತ್ತಿದ್ದಾರೆ. ಮಗಳು ಶಾಲೆಯಲ್ಲಿ ಸಂಸ್ಕೃತ ಓದಿದ್ದಾಳೆ, ಮಾರ್ಕ್ಸ್ ಕೂಡ ಚೆನ್ನಾಗಿ ಬಂದಿತ್ತು. ಅಲ್ಲಿ ಸಂಸ್ಕೃತದಲ್ಲೇ ಮಾತಾಡಿದರೆ ಅಂಗಡಿಯವರಿಗೆ ಅರ್ಥ ಆಗುತ್ತದಾ? ಏನಾದರೂ ತೊಂದರೆ ಆದರೆ "ಸಹಾಯ ಸಹಾಯ" ಅಂತ ಕೂಗಿದರೆ ಸಾಕಲ್ವಾ?

ಚಿಕಾರಾಂಗ್ ಕನ್ನಡಿಗ

ಸುಮಕ್ಕ, ಹಾಗೆ ಮಾತ್ರ ಮಾಡಬೇಡಿ ಅಂತ ಹೇಳಿ! ಇಲ್ಲಿ 'ಸಾಯ' ಅಂದರೆ 'ನಾನು'. ಅದು ಸಹಾಯದಿಂದಲೇ ಬಂದ ಪದ. ಮಗಳು ಕೂಗಿದರೆ "ನಾನು ನಾನು" ಅಂದ ಹಾಗೆ ಕೇಳಿಸುತ್ತದೆ. ಸಹಾಯ ಬೇಕಿದ್ದರೆ 'ತೊಲೊಂಗ್' ಅನ್ನಬೇಕು. ಆದರೆ 'ಬಹಾಯ' ಅಂತ ಎಲ್ಲಾದರೂ ಬೋರ್ಡ್ ಕಂಡರೆ ಹತ್ತಿರ ಹೋಗದಿರಲಿ. ಅದು ನಮ್ಮ ಭಯ, ಇಲ್ಲಿ ಅದಕ್ಕೆ ಅಪಾಯ ಅಂತ ಅರ್ಥ. ಸಮುದ್ರದ ದಂಡೆಯಲ್ಲೂ ಕರೆಂಟ್ ಪೆಟ್ಟಿಗೆಯ ಮೇಲೂ ಇರುತ್ತದೆ.

ಸಾಗರದ ಸುಮಾ

ಅಯ್ಯೋ, ಸಹಾಯ ಹೇಗಪ್ಪಾ 'ನಾನು' ಆಯಿತು?

ಹಳೆಗಬ್ಬ

ಸಂಸ್ಕೃತದಲ್ಲಿ ಸಹಾಯ ಅಂದರೆ ನೆರವು ಮಾತ್ರ ಅಲ್ಲ, ಜೊತೆಗೆ ನಡೆಯುವವನು, ಬೆಂಬಲದ ಆಳು ಅಂತಲೂ ಅರ್ಥ ಇದೆ. ಮಲಯ್‌ನಲ್ಲಿ 'ಸಹಾಯ' ಅಂದರೆ ಸೇವಕ ಅಂತ ಆಯಿತು. ದೊಡ್ಡವರ ಮುಂದೆ ವಿನಯದಿಂದ "ಈ ನಿಮ್ಮ ಸೇವಕ" ಅಂತ ಹೇಳಿಕೊಳ್ಳುವ ರೂಢಿ. ಹೇಳಿ ಹೇಳಿ ಸವೆದು 'ಸಾಯ' ಆಯಿತು, ಸೇವಕ ಅನ್ನುವ ಅರ್ಥ ಪೂರ್ತಿ ಅಳಿಸಿಹೋಯಿತು. ಈಗ ಅಧ್ಯಕ್ಷರೂ ಭಾಷಣದಲ್ಲಿ 'ಸಾಯ' ಅಂತಲೇ ಅನ್ನುತ್ತಾರೆ. ಹತ್ತಿರದವರ ಜೊತೆ ಮಾತಾಡುವಾಗ 'ಆಕು' ಅನ್ನುವುದು ಬೇರೆ, ಅದು ಅವರದೇ ಪದ.

ಹಳೆಗಬ್ಬ

ಸರಿ, ಈಗ ನಗರ ಮತ್ತು ದೇಶ.

ಮೊದಲು ಒಂದು ಮಾತು. ನಾವು ದೇಶ ಅಂದ ಕೂಡಲೇ ಭಾರತ, ಜಪಾನ್ ಅಂತ ರಾಷ್ಟ್ರವನ್ನು ನೆನೆಯುತ್ತೇವೆ. ಹಿಂದೆ ಕನ್ನಡದಲ್ಲೂ ಹಾಗಿರಲಿಲ್ಲ. ಉತ್ತರ ಕರ್ನಾಟಕದ ದೇಸಾಯಿ, ದೇಶಪಾಂಡೆ ಮನೆತನಗಳನ್ನು ನೆನೆಸಿಕೊಳ್ಳಿ. ಅವರ ಹಿರಿಯರು ಪರಗಣೆಯ ಮಟ್ಟದಲ್ಲಿ, ಅಂದರೆ ಕೆಲವಷ್ಟು ಹಳ್ಳಿಗಳ ಗುಂಪಿನ ಮೇಲೆ, ಕಂದಾಯ ಮತ್ತು ಲೆಕ್ಕ ನೋಡಿಕೊಳ್ಳುತ್ತಿದ್ದವರು. ಆ ಹೆಸರಿನೊಳಗಿನ ದೇಶ ಅಷ್ಟೇ ದೊಡ್ಡದು. ಸಂಸ್ಕೃತದಲ್ಲಿ ದೇಶ ಅಂದರೆ ಮೂಲದಲ್ಲಿ ಒಂದು ಜಾಗ, ಒಂದು ಕಡೆ. ನಾವು ಅದನ್ನು ಹಿಗ್ಗಿಸಿದೆವು, ಜಾವಾದವರು ಕುಗ್ಗಿಸಿದರು. ಹಾಗಾಗಿ ಅವರು ಒಬ್ಬರೇ ದಾರಿ ತಪ್ಪಿದರು ಅನ್ನುವ ಹಾಗಿಲ್ಲ.

ಜಾವಾದಲ್ಲಿ ಇದು ಹೇಗಿತ್ತು ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ ಇದೆ. ಮಜಪಹಿತ್ ಆಸ್ಥಾನದ ಪ್ರಪಂಚ ಅನ್ನುವ ಕವಿ 1365ರಲ್ಲಿ ಒಂದು ದೊಡ್ಡ ಕಾವ್ಯ ಬರೆದ. ರಾಜ ಹಯಂ ವುರುಕ್ ತನ್ನ ಸೀಮೆಯಲ್ಲಿ ಸವಾರಿ ಹೋದದ್ದು, ಯಾವ ಯಾವ ಊರಿನಲ್ಲಿ ತಂಗಿದ್ದು, ಎಲ್ಲಿ ಯಾವ ಗುಡಿ, ಎಲ್ಲಿ ಯಾರ ಜಮೀನು ಎಲ್ಲಾ ಅದರಲ್ಲಿದೆ. ಈಗ ಎಲ್ಲರೂ ಅದನ್ನು ನಾಗರಕೃತಾಗಮ ಅಂತ ಕರೆಯುತ್ತಾರೆ. ಆದರೆ ಕವಿ ತಾನೇ ಇಟ್ಟ ಹೆಸರು ದೇಶವರ್ಣನ. ಅವನು ವರ್ಣಿಸುತ್ತಿದ್ದದ್ದು ಅರಮನೆಯ ಹೊರಗಿನ ಹಳ್ಳಿಗಾಡನ್ನು. ಅಂದರೆ ಅಷ್ಟು ಹೊತ್ತಿಗಾಗಲೇ ದೇಶ ಅನ್ನುವುದು ರಾಜಧಾನಿಯ ಆಚೆಗಿನ ಊರುಕೇರಿ ಅನ್ನುವ ಕಡೆಗೆ ವಾಲಿತ್ತು.

ಅದರ ಎದುರಿಗೆ ನಗರ. ನಗರ ಅಂದರೆ ರಾಜ ಇರುವ ಜಾಗ, ಅರಮನೆ, ರಾಜಧಾನಿ. ಆಗಿನ ರಾಜ್ಯಕ್ಕೆ ಇಂದಿನ ಹಾಗೆ ಗೆರೆ ಎಳೆದ ಗಡಿ ಇರಲಿಲ್ಲ. ಮಧ್ಯದಲ್ಲಿ ಅರಮನೆ, ಅಲ್ಲಿಂದ ದೂರ ಹೋದ ಹಾಗೆ ರಾಜನ ಹಿಡಿತ ಸಡಿಲ. ಆಮೇಲಿನ ಮತರಾಮ್ ರಾಜ್ಯದಲ್ಲಿ ಇದಕ್ಕೆ ಹೆಸರುಗಳೇ ಇದ್ದವು. ರಾಜಧಾನಿ 'ನೆಗರ', ಅದರ ಸುತ್ತಲಿನ ಸೀಮೆ 'ನೆಗರ ಅಗುಂಗ್', ಅದರಾಚೆಗಿನದು 'ಮಂಚನೆಗರ'. ಕೇಂದ್ರದ ಹೆಸರೇ ಇಡೀ ರಾಜ್ಯದ ಹೆಸರಾಯಿತು. ನಮ್ಮಲ್ಲೂ ಮೈಸೂರು ಅಂದರೆ ಊರೂ ಹೌದು, ಸಂಸ್ಥಾನವೂ ಹೌದು. 1973ರವರೆಗೆ ಇಡೀ ರಾಜ್ಯಕ್ಕೇ ಆ ಹೆಸರಿತ್ತು. ವ್ಯತ್ಯಾಸ ಏನೆಂದರೆ ನಮ್ಮಲ್ಲಿ ಒಂದು ಊರಿನ ಹೆಸರು ಬೆಳೆಯಿತು, ಅಲ್ಲಿ ಊರು ಅನ್ನುವ ಪದವೇ ಬೆಳೆಯಿತು.

ಹಾಗಾಗಿ ಇದು ಅದಲುಬದಲು ಅಲ್ಲ. ನೆಗರ ಮತ್ತು ದೇಸ ಒಂದೇ ಜೋಡಿಯ ಎರಡು ತುದಿಗಳು, ಅರಮನೆ ಕಡೆ ಮತ್ತು ಹಳ್ಳಿ ಕಡೆ. ಒಂದು ತುದಿ ರಾಷ್ಟ್ರವಾಯಿತು, ಇನ್ನೊಂದು ಗ್ರಾಮವಾಯಿತು.

ಚಿಕಾರಾಂಗ್ ಕನ್ನಡಿಗ

ಅಬ್ಬಾ, 'ಮಂಚನೆಗರ' ಈಗಲೂ ದಿನಾ ಕಾಣುತ್ತದೆ! ವಿದೇಶಿ ಪ್ರವಾಸಿಗಳಿಗೆ 'ವಿಸತವಾನ್ ಮಂಚನೆಗರ' ಅನ್ನುತ್ತಾರೆ. ಒಂದು ಕಾಲದಲ್ಲಿ ಜಾವಾದ ಒಳಗೇ ಇದ್ದ ಹೊರಸೀಮೆ, ಈಗ ಪರದೇಶ. ಇನ್ನು 'ಎನ್ದೆಸೊ' ಅಂತ ಜಾವಾದವರು ಬೈಯುವುದೂ ಇದೆ, ಹಳ್ಳಿಗುಗ್ಗು ಅನ್ನುವ ಅರ್ಥದಲ್ಲಿ. ನಮ್ಮಲ್ಲಿ ದೇಸಿ ಅಂದರೆ ಅಂಗಡಿಯಲ್ಲಿ ಎರಡು ಪಟ್ಟು ಬೆಲೆ.

ಪದಾಂಗ್ ರಸ್ತೆ

ನಾನು ಕೆಲವು ವರ್ಷ ಪಶ್ಚಿಮ ಸುಮಾತ್ರದಲ್ಲಿ ಇದ್ದವನು. ಹಳೆಗಬ್ಬ ಅವರು ಹೇಳಿದ್ದು ಜಾವಾಕ್ಕೆ ಸರಿ. ಆದರೆ ಸುಮಾತ್ರಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಮಿನಂಗ್‌ಕಬಾವ್ ಜನರಲ್ಲಿ ಹಳ್ಳಿಗೆ 'ನಗರಿ' ಅನ್ನುತ್ತಾರೆ! ದೇಶವೂ ಅಲ್ಲ, ಪಟ್ಟಣವೂ ಅಲ್ಲ, ಹಳ್ಳಿ. ಅದರ ಮುಖ್ಯಸ್ಥ 'ವಾಲಿ ನಗರಿ'. ಪ್ರತಿ ನಗರಿಗೂ ತನ್ನದೇ ಕುಲಗಳು, ಹಿರಿಯರ ಸಭೆ, ಜಮೀನಿನ ಕಟ್ಟಳೆ ಇರುತ್ತವೆ.

ಇದರಲ್ಲಿ ರಾಜಕೀಯವೂ ಇದೆ. ಅಧ್ಯಕ್ಷ ಸುಹಾರ್ತೊ ಕಾಲದಲ್ಲಿ 1979ರಲ್ಲಿ ಒಂದು ಕಾನೂನು ಬಂತು. ಇಡೀ ದೇಶದಲ್ಲಿ ಹಳ್ಳಿ ಆಡಳಿತ ಒಂದೇ ಅಚ್ಚಿನಲ್ಲಿ ಇರಬೇಕು, ಅದರ ಹೆಸರು 'ದೇಸ' ಅಂತ. ಜಾವಾದ ಪದ, ಜಾವಾದ ಮಾದರಿ. ಪಶ್ಚಿಮ ಸುಮಾತ್ರದಲ್ಲಿ ನಗರಿಗಳನ್ನು ಒಡೆದು ಸಣ್ಣ ಸಣ್ಣ ದೇಸಗಳನ್ನಾಗಿ ಮಾಡಿದರು. ಒಂದೇ ನಗರಿಯ ಜನ ನಾಲ್ಕಾರು ದೇಸಗಳಲ್ಲಿ ಹಂಚಿಹೋದರೆ ಕುಲದ ಆಸ್ತಿ ಯಾರು ನೋಡಿಕೊಳ್ಳಬೇಕು, ವ್ಯಾಜ್ಯ ಯಾರು ತೀರಿಸಬೇಕು ಅನ್ನುವ ಗೊಂದಲ. 1998ರಲ್ಲಿ ಸುಹಾರ್ತೊ ಇಳಿದ ಮೇಲೆ ಅಧಿಕಾರ ಪ್ರಾಂತ್ಯಗಳಿಗೆ ಹಂಚಿಕೆಯಾಯಿತು, ಆಗ "ನಗರಿಗೆ ಮರಳೋಣ" ಅಂತ ಮತ್ತೆ ಹಳೆಯ ಹೆಸರಿಗೆ ಬಂದರು. 2014ರ 6ನೇ ನಂಬರಿನ ದೇಸ ಕಾನೂನಿನಲ್ಲೂ ಸ್ಥಳೀಯ ಹೆಸರು ಇಟ್ಟುಕೊಳ್ಳಲು ಜಾಗ ಇದೆ. ಎರಡೂ ಸಂಸ್ಕೃತ ಪದಗಳೇ, ಎರಡೂ ಹಳ್ಳಿಗೇ. ಆದರೂ ಪದಾಂಗ್ ಕಡೆಯ ಹಿರಿಯರ ಮುಂದೆ ನಿಮ್ಮ ನಗರಿಯನ್ನು ದೇಸ ಅಂದು ನೋಡಿ, ಮುಖ ಗಂಟು ಹಾಕುತ್ತಾರೆ.

ನೇರನುಡಿ ನಾಗರಾಜ

ಅಂದರೆ ನಾನು ಹೇಳಿದ್ದೇ ಸರಿ ಆಯಿತಲ್ಲ. ಒಬ್ಬರಿಗೆ ನಗರ ದೇಶ, ಇನ್ನೊಬ್ಬರಿಗೆ ಹಳ್ಳಿ. ಗೊಂದಲವೇ ಗೊಂದಲ.

ಹಳೆಗಬ್ಬ

ಗೊಂದಲ ಅಲ್ಲ ಮಾರಾಯರೇ. ಯಾವ ಘಟಕಕ್ಕೆ ತನ್ನದೇ ಆಡಳಿತ ಇದೆಯೋ ಅದಕ್ಕೆ ಆ ಪದ ಅಂಟಿಕೊಂಡಿದೆ. ಮಿನಂಗ್‌ಕಬಾವ್ ಕಡೆ ಪ್ರತಿ ಊರೂ ತನ್ನ ಪಾಡಿಗೆ ತಾನು ಒಂದು ಸಣ್ಣ ರಾಜ್ಯದ ಹಾಗಿತ್ತು, ಅದಕ್ಕೇ ಅದು ನಗರಿ. ಮಲೇಷ್ಯಾಕ್ಕೆ ಹೋದರೆ 'ನೆಗೆರಿ' ಅಂದರೆ ನಮ್ಮ ಕರ್ನಾಟಕ, ಕೇರಳದಂಥ ಒಂದು ರಾಜ್ಯ. ಅಲ್ಲಿನ ನೆಗೆರಿ ಸೆಂಬಿಲಾನ್ ಅನ್ನುವ ರಾಜ್ಯದ ಹೆಸರಿನ ಅರ್ಥವೇ ಒಂಬತ್ತು ನಾಡು. ಅಲ್ಲಿ ನೆಲೆಸಿದವರಲ್ಲಿ ಬಹಳ ಜನ ಸುಮಾತ್ರದಿಂದ ಹೋದ ಮಿನಂಗ್‌ಕಬಾವ್‌ನವರು.

ನಮ್ಮ 'ನಾಡು' ಕೂಡ ಹೀಗೇ ಅಲ್ವಾ? ನಾಡಗೀತೆ ಅಂದಾಗ ಇಡೀ ಕರ್ನಾಟಕ, ನಾಡಕಚೇರಿ ಅಂದಾಗ ಒಂದು ಹೋಬಳಿ, ನಾಡಕೋಳಿ ಅಂದಾಗ ಊರಕೋಳಿ. ಯಾರಿಗೂ ಗೊಂದಲ ಆಗುವುದಿಲ್ಲ.

ಚಿಕಾರಾಂಗ್ ಕನ್ನಡಿಗ

ಇಂಡೋನೇಷ್ಯಾದಲ್ಲೂ ನೆಗೆರಿ ಇದೆ. ಸರ್ಕಾರಿ ಶಾಲೆಗೆ 'ಸೆಕೊಲಾ ನೆಗೆರಿ'. ಪರದೇಶಕ್ಕೆ 'ಲುವಾರ್ ನೆಗೆರಿ', ನಾಡಿನ ಹೊರಗೆ. ಗೃಹ ಸಚಿವರು 'ಮೆಂತ್ರಿ ದಲಾಮ್ ನೆಗೆರಿ', ನಾಡಿನ ಒಳಗಿನ ಮಂತ್ರಿ. ಸರಿ, ಈಗ ವರ್ಗದ ಕಥೆ ಹೇಳಿ. ಇಲ್ಲಿ ಒಬ್ಬನೇ ಮನುಷ್ಯನಿಗೆ 'ವರ್ಗ' ಅನ್ನುತ್ತಾರೆ. ಪೇಪರಿನಲ್ಲಿ "ಒಬ್ಬ ವರ್ಗ ಗಾಯಗೊಂಡ" ಅನ್ನುವ ಧಾಟಿಯಲ್ಲಿ ಸುದ್ದಿ ಬರುತ್ತದೆ.

ಹಳೆಗಬ್ಬ

ಗುಂಪಿನ ಪದ ಆ ಗುಂಪಿನ ಒಬ್ಬನಿಗೆ ಇಳಿಯುವುದು. ಜಾವಾದಲ್ಲಿ ವರ್ಗ ಅಂದರೆ ಬಂಧುಬಳಗ, ಒಂದು ಕೂಟದವರು. ಅಲ್ಲಿಂದ ಕೂಟದ ಸದಸ್ಯ. ಕನ್ನಡದಲ್ಲಿ ಬಂಧುವರ್ಗ, ಸಿಬ್ಬಂದಿ ವರ್ಗ ಅನ್ನುವಾಗ ಹಳೆಯ ಅರ್ಥವೇ ಇದೆ, ನಾವು ಅಲ್ಲೇ ನಿಂತೆವು. ಇದರ ಪಕ್ಕದಲ್ಲೇ ಇಟ್ಟು ನೋಡಬೇಕಾದ ಪದ 'ಕೆಲುವರ್ಗ', ಅಂದರೆ ಕುಟುಂಬ. ಅದು ಕುಲ ಮತ್ತು ವರ್ಗ ಸೇರಿ ಆದದ್ದು.

ಈಗ ನಿಮ್ಮ ಚೀಟಿಯ ಆ ಉದ್ದನೆಯ ಪದವನ್ನು ಬಿಡಿಸಿ. 'ವರ್ಗ ನೆಗರ' ಅಂದರೆ ರಾಷ್ಟ್ರದ ಸದಸ್ಯ, ಪ್ರಜೆ. ಅದರ ಹಿಂದೆ 'ಕೆ', ಮುಂದೆ 'ಅನ್' ಸೇರಿಸಿದರೆ ಭಾವನಾಮ, ನಮ್ಮ 'ತನ' ಅಥವಾ 'ತ್ವ' ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಹೀಗೆ ಎರಡೂ ಕಡೆಯಿಂದ ಪದವನ್ನು ಹಿಡಿದುಕೊಳ್ಳುವ ಕಟ್ಟು ಪೂರ್ತಿ ಅವರದೇ. ಒಳಗಿನ ಸರಕು ಮಾತ್ರ ಸಂಸ್ಕೃತ. ಜಿಲ್ಲೆಯ ಹೆಸರಲ್ಲೂ ಇದೇ ಆಟ ಇದೆ. ಭೂಪತಿ 'ಬುಪತಿ' ಆದ, ಈಗ ಅವನು ಚುನಾವಣೆಯಲ್ಲಿ ಗೆದ್ದು ಬರುವ ಜಿಲ್ಲೆಯ ಮುಖ್ಯಸ್ಥ. ಅವನ ಜಿಲ್ಲೆ 'ಕಬುಪತೆನ್'. ಬಾಯಿಬಿಟ್ಟು ನಿಧಾನವಾಗಿ ಹೇಳಿದರೆ ಒಳಗೆ ಭೂಪತಿ ಕೂತಿರುವುದು ಕೇಳಿಸುತ್ತದೆ.

ಕೋರ್ಟ್ ಕಟ್ಟೆ

ಕಾನೂನಿನ ಕಡೆಯಿಂದ ಒಂದು ಸೇರಿಸುತ್ತೇನೆ. ಅಲ್ಲಿ ಸರ್ಕಾರಿ ಪ್ರಾಸಿಕ್ಯೂಟರ್‌ಗೆ 'ಜಕ್ಸ' ಅನ್ನುತ್ತಾರೆ, ಅದು ಅಧ್ಯಕ್ಷದ ಸವೆದ ರೂಪ. ವಕೀಲರಿಗೆ 'ಪೆಂಗಚಾರ'. ಅದರೊಳಗೆ ಇರುವುದು ಆಚಾರ! ಅಲ್ಲಿ 'ಅಚಾರ' ಅಂದರೆ ಕಾರ್ಯಕ್ರಮ, ನಡಾವಳಿ. ಟಿವಿ ಕಾರ್ಯಕ್ರಮವೂ ಅಚಾರ, ಕೋರ್ಟಿನ ನಡಾವಳಿಯೂ ಅಚಾರ. ನಮ್ಮ ವಕೀಲರ ಸಂಘದಲ್ಲಿ ಇದನ್ನು ಹೇಳಿದಾಗ, ಆಚಾರ ಇಲ್ಲದವರನ್ನೆಲ್ಲಾ ಹಾಗೆ ಕರೆದಿದ್ದಾರಲ್ಲ ಅಂತ ಒಬ್ಬರು ಹಿರಿಯರು ನಕ್ಕರು.

ಸಾಗರದ ಸುಮಾ

ಮಗಳಿಗೆ ಇದೆಲ್ಲಾ ಕಳಿಸುತ್ತಿದ್ದೇನೆ. ಅಳಿಯ ಕೇಳುತ್ತಿದ್ದಾರೆ, ಅಲ್ಲಿ ಹೆಂಡತಿಗೆ 'ಇಸ್ತ್ರಿ' ಅನ್ನುತ್ತಾರಂತೆ, ನಿಜವಾ? ಹೋಟೆಲಿನಲ್ಲಿ ಬಟ್ಟೆಗೆ ಇಸ್ತ್ರಿ ಬೇಕು ಅಂದರೆ ಏನು ತಿಳಿದುಕೊಳ್ಳುತ್ತಾರೋ!

ಚಿಕಾರಾಂಗ್ ಕನ್ನಡಿಗ

ನಿಜ ಅಕ್ಕ. ಸ್ತ್ರೀ ಹೋಗಿ 'ಇಸ್ತ್ರಿ', ಅಂದರೆ ಹೆಂಡತಿ. ಸ್ವಾಮಿ ಹೋಗಿ 'ಸುವಾಮಿ', ಗಂಡ. ಬಟ್ಟೆಗೆ 'ಸೆತ್ರಿಕ' ಅನ್ನಬೇಕು, ಅದು ಡಚ್ಚರಿಂದ ಬಂದದ್ದು. ನಾಗರಾಜಣ್ಣ, ನಿಮ್ಮ ಡಚ್ಚರು ಇಲ್ಲಿ ಸಿಕ್ಕಿದರು ನೋಡಿ.

ನೇರನುಡಿ ನಾಗರಾಜ

ಸಂತೋಷ. ಆದರೆ ನನ್ನ ವಾದ ಬಿಡುವುದಿಲ್ಲ. ಸಂಸಾರ ಅನ್ನುವುದು 'ಸೆಂಗ್ಸಾರ' ಆಗಿ ಅದಕ್ಕೆ ಯಾತನೆ, ನರಳಾಟ ಅಂತ ಅರ್ಥವಂತೆ. ಚಿಂತೆ ಹೋಗಿ 'ಚಿಂತ' ಆಗಿ ಪ್ರೀತಿಯಂತೆ. ಒಳ್ಳೆಯದು ಕೆಟ್ಟದ್ದಾಯಿತು, ಕೆಟ್ಟದ್ದು ಒಳ್ಳೆಯದಾಯಿತು. ಇದು ಕೆಡುವುದಲ್ಲದೆ ಇನ್ನೇನು?

ಹಳೆಗಬ್ಬ

ಕನ್ನಡವನ್ನು ಅಳತೆಗೋಲು ಮಾಡಿಕೊಂಡರೆ ಹಾಗೆ ಕಾಣುತ್ತದೆ. ಸಂಸ್ಕೃತದಲ್ಲಿ ಸಂಸಾರ ಅಂದರೆ ಹುಟ್ಟು ಸಾವಿನ ಸುತ್ತಾಟ. ಅದರಿಂದ ಅವರು ನರಳಾಟವನ್ನು ಹಿಡಿದುಕೊಂಡರು, ನಾವು ಹೆಂಡತಿ ಮಕ್ಕಳನ್ನು ಹಿಡಿದುಕೊಂಡೆವು. "ನಮ್ಮ ಸಂಸಾರ ತವರಿಗೆ ಹೋಗಿದ್ದಾರೆ" ಅನ್ನುವ ಹಿರಿಯರ ಮಾತು ಕೇಳಿದರೆ ಸಂಸ್ಕೃತ ಪಂಡಿತನಿಗೂ ತಲೆ ತಿರುಗಬೇಕು. ಮೂಲದಿಂದ ಯಾರು ಜಾಸ್ತಿ ದೂರ ಹೋದರು ಅಂತ ನೀವೇ ಹೇಳಿ. ಚಿಂತೆಯೂ ಹಾಗೆ. ಮೂಲದಲ್ಲಿ ಅದು ಯೋಚನೆ. ಸದಾ ಒಬ್ಬರದೇ ಯೋಚನೆ ಆದರೆ ಅದು ಪ್ರೀತಿಯ ಕಡೆಗೂ ಹೋಗಬಹುದು, ಕಳವಳದ ಕಡೆಗೂ ಹೋಗಬಹುದು.

ಇನ್ನೂ ಒಂದು ತಮಾಷೆ ಇದೆ. ಶಿಕ್ಷಾ ಅಂದರೆ ಸಂಸ್ಕೃತದಲ್ಲಿ ಕಲಿಕೆ, ಹಿಂದಿಯಲ್ಲೂ ಅದೇ. ಕನ್ನಡದಲ್ಲಿ ಶಿಕ್ಷೆ ಅಂದರೆ ದಂಡನೆ. ಇಂಡೋನೇಷ್ಯಾದಲ್ಲಿ 'ಸಿಕ್ಸ' ಅಂದರೆ ಚಿತ್ರಹಿಂಸೆ. ಇಲ್ಲಿ ನಾವು ಮತ್ತು ಅವರು ಒಂದೇ ದಿಕ್ಕಿಗೆ ನಡೆದಿದ್ದೇವೆ, ಅವರು ನಾಲ್ಕು ಹೆಜ್ಜೆ ಮುಂದೆ ಹೋದರು ಅಷ್ಟೇ.

ಅಂಗಡಿ ಶೆಟ್ಟರು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಅಡಿಕೆ ವ್ಯವಹಾರಕ್ಕೆ ಅಲ್ಲಿನವರ ಜೊತೆ ಮಾತಾಡುವಾಗ ಬಂಡವಾಳಕ್ಕೆ 'ಮೊದಾಲ್' ಅನ್ನುವುದು ಕೇಳಿದ್ದೇನೆ. ನಮ್ಮ ಮೊದಲು, ಅಸಲು ಇದ್ದ ಹಾಗೇ ಇದೆ. ಇದೂ ಸಂಸ್ಕೃತವೇ?

ಹಳೆಗಬ್ಬ

ಅಲ್ಲ ಶೆಟ್ಟರೇ, ಅದು ತಮಿಳಿನ ಮುದಲ್‌ನಿಂದ ಹೋದದ್ದು. ಕನ್ನಡದ ಮೊದಲು ಅದರ ಒಡಹುಟ್ಟು. ಹಡಗಿಗೆ 'ಕಪಾಲ್' ಅನ್ನುವುದೂ ತಮಿಳಿನಿಂದಲೇ. ವ್ಯಾಪಾರಿಗಳು ಕೊಟ್ಟ ಪದಗಳು ಇಂಥವು, ನಾಗರಾಜರು ಹೇಳಿದ್ದು ಇಲ್ಲಿ ಸರಿಯಾಗಿ ಹೊಂದುತ್ತದೆ. ಆದರೆ 'ಕೆಪಾಲ' ಬೇರೆ. ಅದು ಸಂಸ್ಕೃತದ ಕಪಾಲ, ಅಲ್ಲಿ ತಲೆ ಅಂತ ಅರ್ಥ. 'ಕೆಪಾಲ ದೇಸ' ಅಂದರೆ ಹಳ್ಳಿಯ ಮುಖ್ಯಸ್ಥ. ನಮ್ಮಲ್ಲಿ ಕಪಾಳ ಅಂದರೆ ಹೊಡೆಸಿಕೊಳ್ಳುವ ಜಾಗ.

ಪದಾಂಗ್ ರಸ್ತೆ

ಗುರುತಿನ ಚೀಟಿಯಲ್ಲಿ ಒಂದು ಸಾಲು ಯಾರೂ ಮುಟ್ಟಲಿಲ್ಲ. 'ಅಗಾಮ', ಅಂದರೆ ಧರ್ಮ. ನಮಗೆ ಆಗಮ ಅಂದರೆ ದೇವಸ್ಥಾನದ ಪೂಜಾ ಪದ್ಧತಿಯ ಗ್ರಂಥ. ಅಲ್ಲಿ ಆ ಸಾಲಿನ ಮುಂದೆ ಹೆಚ್ಚಿನವರಿಗೆ ಇಸ್ಲಾಂ ಅಂತ ಇರುತ್ತದೆ. ಸರ್ಕಾರ ಒಪ್ಪಿದ ಆರು ಧರ್ಮಗಳಿವೆ. ತಮ್ಮ ಹಿರಿಯರ ನಂಬಿಕೆಯನ್ನೇ ಪಾಲಿಸುವ ಜನರೂ ಇದ್ದಾರೆ, ಅದಕ್ಕೆ 'ಅಗಾಮ' ಅನ್ನುವುದಿಲ್ಲ, 'ಕೆಪರ್ಚಯಾಅನ್' ಅನ್ನುತ್ತಾರೆ. ಬಹಳ ಕಾಲ ಅವರು ಆ ಜಾಗವನ್ನು ಖಾಲಿ ಬಿಡಬೇಕಿತ್ತು, ಇಲ್ಲವೇ ಬೇರೆ ಧರ್ಮ ಬರೆಸಬೇಕಿತ್ತು. ಖಾಲಿ ಬಿಟ್ಟರೆ ಮದುವೆ ನೋಂದಣಿಗೂ ಕೆಲಸಕ್ಕೂ ತೊಂದರೆ. 2017ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಅವರ ನಂಬಿಕೆಯನ್ನೂ ಚೀಟಿಯಲ್ಲಿ ನಮೂದಿಸಬೇಕು ಅಂತ ತೀರ್ಪು ಕೊಟ್ಟಿತು.

ಆ 'ಪರ್ಚಯ' ಯಾವ ಪದ ಗೊತ್ತಾ? ಪರಿಚಯ ಅಲ್ಲ. ಪ್ರತ್ಯಯ! ನಾವು ವ್ಯಾಕರಣದ ಕ್ಲಾಸಿನಲ್ಲಿ ಉರುಹೊಡೆದ ವಿಭಕ್ತಿ ಪ್ರತ್ಯಯ. ಸಂಸ್ಕೃತದಲ್ಲಿ ಅದಕ್ಕೆ ನಂಬಿಕೆ ಅಂತಲೂ ಅರ್ಥ ಇದೆ, ಅವರು ಅದನ್ನು ಉಳಿಸಿಕೊಂಡರು.

ನೇರನುಡಿ ನಾಗರಾಜ

ಅದು ಪರಿಚಯವೇ ಇರಬೇಕು ರೀ. ಪರ್ಚಯ, ಪರಿಚಯ, ಕೇಳಿದರೇ ಗೊತ್ತಾಗುತ್ತದೆ.

ಹಳೆಗಬ್ಬ

ಕೇಳಿದರೆ ಗೊತ್ತಾಗುವುದರಲ್ಲೇ ಮೋಸ ಹೋಗುವುದು ಜಾಸ್ತಿ. ಪದ ಹೋಲುತ್ತದಾ ಅಂತ ಮಾತ್ರ ನೋಡದೆ, ಸಂಸ್ಕೃತದಲ್ಲಿ ಆ ಅರ್ಥ ಅಥವಾ ಅದರ ನೆರೆಯ ಅರ್ಥ ಇತ್ತಾ, ಹಳೆಯ ಜಾವಾ ಅಥವಾ ಮಲಯ್ ಬರಹದಲ್ಲಿ ನಡುವಿನ ರೂಪ ಸಿಗುತ್ತದಾ ಅಂತ ನೋಡಬೇಕು. ನೀವು ಮೊದಲು ಬರೆದ 'ಬಿಸ' ಪದವನ್ನೇ ತೆಗೆದುಕೊಳ್ಳಿ. ಹಾವಿನ ಬಿಸ ಖಂಡಿತ ವಿಷವೇ. ಆದರೆ ಜಕಾರ್ತದಲ್ಲಿ ದಿನಕ್ಕೆ ನೂರು ಸಲ ಕೇಳುವ 'ಬಿಸ' ಬೇರೆ, ಅದಕ್ಕೆ 'ಆಗುತ್ತದೆ, ಬರುತ್ತದೆ' ಅಂತ ಅರ್ಥ. ಅದು ಜಾವಾ ಭಾಷೆಯ ಕಡೆಯಿಂದ ಬಂದದ್ದು, ಅದನ್ನು ವಿಷಕ್ಕೆ ಕಟ್ಟಲಾಗುವುದಿಲ್ಲ. ಮಲೇಷ್ಯಾದವರು ಆ ಅರ್ಥಕ್ಕೆ 'ಬೊಲೆ' ಅನ್ನುತ್ತಾರೆ.

ನೇರನುಡಿ ನಾಗರಾಜ

ವಶ ಇರಬಹುದಲ್ಲ? ಕೆಲಸ ವಶವಾಯಿತು, ಅಂದರೆ ಬಂತು. ಇದಕ್ಕೆ ಏನು ಹೇಳುತ್ತೀರಿ?

ಚಿಕಾರಾಂಗ್ ಕನ್ನಡಿಗ

ಹಳೆಗಬ್ಬ ಸಾರ್ ಉತ್ತರಿಸುವುದರೊಳಗೆ ನನ್ನದೂ ಒಂದು ಪ್ರಶ್ನೆ ಸೇರಿಸಿಕೊಳ್ಳಿ. ಇಲ್ಲಿ ಡಿಗ್ರಿ ಓದುವ ಹುಡುಗರಿಗೆಲ್ಲಾ 'ಮಹಾಸಿಸ್ವ' ಅನ್ನುತ್ತಾರೆ, ಶಾಲೆಯವರಿಗೆ ಬರೀ 'ಸಿಸ್ವ'. ಈ ಶಿಷ್ಯನಿಗೆ 'ಮಹಾ' ಅಂಟಿಸಿದ್ದು ಹಳೆಯ ಜಾವಾದಲ್ಲೋ, ಈಚೆಗೆ ಕಾಲೇಜುಗಳು ಬಂದ ಮೇಲೋ? ನಮ್ಮ ಟ್ರೇನಿ ಹುಡುಗರು ಆ ಹೆಸರಿಗೆ ತಕ್ಕ ಹಾಗೆ ಕಾಣುವುದಿಲ್ಲ, ಅದಕ್ಕೇ ಕೇಳಿದೆ.